"312 ಕಾರ್ಟನ್ ಹಿಡಿಸುತ್ತೆ" ಅಂದರೆ ನಂಬಬೇಡಿ, ಹೇಗೆ ಅಂತ ಕೇಳಿ

20 ಅಡಿ ಕಂಟೇನರ್‌ಗೆ 312 ಕಾರ್ಟನ್ ಹಿಡಿಸುತ್ತೆ ಅಂತ ಸರಕು ಸಾಗಣೆಯ ಏರ್ಪಾಟು ನೋಡಿಕೊಳ್ಳೋ ಫಾರ್ವರ್ಡರ್ ಬರೆದು ಕೊಟ್ಟ. ಲೋಡಿಂಗ್ ಮುಗಿದಾಗ ಒಳಗೆ ಹೋಗಿದ್ದು 236. ಮಿಕ್ಕ 76 ಕಾರ್ಟನ್ ನೆಲದ ಮೇಲೆ. ಟ್ರೇಲರ್ ಡ್ರೈವರ್ ಗಡಿಯಾರ ನೋಡುತ್ತಾ ನಿಂತಿದ್ದಾನೆ, ಲೋಡಿಂಗ್ ಹುಡುಗರು ನನ್ನ ಮುಖ ನೋಡುತ್ತಿದ್ದಾರೆ. ಇಷ್ಟು ವರ್ಷ ಇದೇ ಕೆಲಸದಲ್ಲಿದ್ದು ಇಂಥ ಲೆಕ್ಕಕ್ಕೆ ಸಹಿ ಹಾಕಿದೆನಲ್ಲ ಅನ್ನೋ ನಾಚಿಕೆಗೇ ಇದನ್ನು ಬರೆಯುತ್ತಿದ್ದೇನೆ.

ಲೆಕ್ಕ ನೋಡಿ. ಕಾರ್ಟನ್ ಉದ್ದ 58, ಅಗಲ 47, ಎತ್ತರ 39 ಸೆಂ.ಮೀ. ಗುಣಿಸಿದರೆ 0.1063 ಸಿಬಿಎಂ, ಅಂದರೆ ಘನ ಮೀಟರ್. 20 ಅಡಿ ಕಂಟೇನರ್ ಒಳಗೆ ಸುಮಾರು 33.2 ಸಿಬಿಎಂ. ಅದನ್ನು ಇದರಿಂದ ಭಾಗಿಸಿದರೆ 312. ಆತ ಮಾಡಿದ್ದು ಇಷ್ಟೇ! ಕಂಟೇನರ್ ಏನು ನೀರಿನ ಟ್ಯಾಂಕಾ, ಸುರಿದಷ್ಟೂ ತುಂಬಿಕೊಳ್ಳೋಕೆ? ಮೂಲೆಯಲ್ಲಿ ಅರ್ಧ ಕಾರ್ಟನ್ ಜಾಗ ಉಳಿದರೆ ಅಲ್ಲಿ ಅರ್ಧ ಕಾರ್ಟನ್ ಇಡೋಕಾಗಲ್ಲ.

"ಸರ್, ಸಿಬಿಎಂ ಪ್ರಕಾರ ನಮ್ಮ ಲೆಕ್ಕ ಕರೆಕ್ಟ್" ಅಂತ ಉತ್ತರ ಬಂತು. ಹೌದಪ್ಪಾ, ಸಿಬಿಎಂ ಪ್ರಕಾರ ಕರೆಕ್ಟು. ಸಿಬಿಎಂ ಇರೋದು ಬಾಡಿಗೆ ಲೆಕ್ಕಕ್ಕೆ, ಜೋಡಿಸೋ ಲೆಕ್ಕಕ್ಕಲ್ಲ.

20 ಅಡಿಯ ಸಾಮಾನ್ಯ ಕಂಟೇನರ್ ಒಳ ಅಳತೆ ಹೆಚ್ಚುಕಮ್ಮಿ ಹೀಗಿರುತ್ತೆ: ಉದ್ದ 589.8, ಅಗಲ 235.2, ಎತ್ತರ 239.3 ಸೆಂ.ಮೀ. ತಯಾರಕರನ್ನು ಅವಲಂಬಿಸಿ ಒಂದಿಷ್ಟು ಮಿಲಿಮೀಟರ್ ಆಚೀಚೆ. ಈ ಮೂರನ್ನೂ ಬೇರೆ ಬೇರೆಯಾಗಿ ಭಾಗಿಸಬೇಕು, ದಶಮಾಂಶ ಬಿಸಾಕಬೇಕು. ಉದ್ದಕ್ಕೆ 10, ಅಗಲಕ್ಕೆ 5, ಎತ್ತರಕ್ಕೆ 6. ಒಟ್ಟು 300. ಅಂದರೆ ಕಾಗದದ ಮೇಲೇ 12 ಕಾರ್ಟನ್ ಸುಳ್ಳು. ಇದನ್ನಾದರೂ ನಾನು ಮೊದಲೇ ನೋಡಬೇಕಿತ್ತು, ನೋಡಲಿಲ್ಲ.

ಇನ್ನು ನಿಜವಾಗಿ ಏಮಾರಿದ್ದು ಆ ಅಗಲದ 5ರಲ್ಲಿ. ಐದು 47 ಸೇರಿದರೆ 235. ಒಳಗಿನ ಅಗಲ 235.2. ಎರಡು ಮಿಲಿಮೀಟರ್ ಮಿಕ್ಕಿತು! ಕಂಪ್ಯೂಟರ್ ಖುಷಿಯಾಗಿ ಐದು ಅನ್ನುತ್ತೆ. ಲೋಡಿಂಗ್ ಮಾಡೋ ಹುಡುಗ ನಾಲ್ಕು ಇಟ್ಟು, ಐದನೆಯದನ್ನು ಭುಜ ಕೊಟ್ಟು ತಳ್ಳಿ, ಮೊಣಕಾಲು ಕೊಟ್ಟು ಒತ್ತಿ, ಕೊನೆಗೆ ತೆಗೆದು ಹೊರಗಿಟ್ಟ. ಆಗ ಟೇಪ್ ಹಿಡಿದು ಅಳೆದೆ. ತುಂಬಿ ಟೇಪ್ ಹಚ್ಚಿದ ಕಾರ್ಟನ್ನಿನ ಅಗಲ ನಡುಮಧ್ಯ 48. ಮೂಲೆಯಲ್ಲಿ ಅಳೆದರೆ 47 ಸರಿಯಾಗೇ ಇದೆ. ಮೆತ್ತನೆ ಸರಕು ಒತ್ತಿ ತುಂಬಿದಾಗ ಉದ್ದನೆಯ ಬದಿಗಳು ಹೊಟ್ಟೆ ಬಿಡುತ್ತವೆ, ಮೇಲೆ ಐದರ ಭಾರ ಬಿದ್ದ ತಳದ ಕಾರ್ಟನ್ ಇನ್ನೂ ಜಾಸ್ತಿ. ಐದು 48 ಅಂದರೆ 240. ಹೋಗಲ್ಲ. ಒಂದೇ ಒಂದು ಸೆಂಟಿಮೀಟರ್‌ಗೆ ಇಡೀ ಐದನೇ ಸಾಲು ಹೋಯಿತು, 60 ಕಾರ್ಟನ್.

ಇದನ್ನು ಹೇಳಿದ್ದಕ್ಕೆ ಬಂದ ಉತ್ತರ: "ಕಾರ್ಟನ್ ಉಬ್ಬಿದ್ದು ನಿಮ್ಮ ಪ್ಯಾಕಿಂಗ್ ಸಮಸ್ಯೆ ಸರ್." ಎರಡು ಮಿಲಿಮೀಟರ್ ಬಿಟ್ಟು ಪ್ಲ್ಯಾನ್ ಮಾಡಿದ್ದು ಯಾರ ಸಮಸ್ಯೆ? ಅದಕ್ಕೆ ಉತ್ತರ ಇಲ್ಲ, ನೀಲಿ ಟಿಕ್ ಮಾತ್ರ.

ಮುಂದಿನದು ಬಾಗಿಲು. ಒಳಗೆ ಎತ್ತರ 239.3 ಇದ್ದರೂ ಬಾಗಿಲಿನ ತೆರಪು ಸುಮಾರು 228 ಮಾತ್ರ, ಮೇಲೆ ಅಡ್ಡಪಟ್ಟಿ ಬರುತ್ತೆ. ಒಳಗಿನ ಸಾಲುಗಳಲ್ಲಿ ತೊಂದರೆಯಿಲ್ಲ, ಒಳಗೆ ನಿಂತು ಆರನೆಯದನ್ನು ಎತ್ತಿ ಇಡಬಹುದು. ಬಾಗಿಲ ಹತ್ತಿರದ ಕೊನೇ ಸಾಲಿಗೆ ಬಂದಾಗ ಐದು ಕಾರ್ಟನ್ ಎತ್ತರ 195, ಮೇಲೆ ಉಳಿದ ತೆರಪು 33. ಕಾರ್ಟನ್ ಎತ್ತರ 39. ಆರನೆಯದನ್ನು ನೇರ ತಳ್ಳೋಕಾಗಲ್ಲ, ಒಳಗೆ ತಂದು ಎತ್ತೋಕೆ ನಿಲ್ಲೋ ಜಾಗವೇ ಇಲ್ಲ. ಹಾಗಾಗಿ ಕೊನೇ ಸಾಲು ಐದರ ಎತ್ತರವೇ. ಒಂದು ಪದರಕ್ಕೆ 40, ಆರು ಪದರಕ್ಕೆ 240, ಬಾಗಿಲ ಬಳಿ 4 ಕಳೆದು 236. ಅಲ್ಲಿಗೆ ಬಂತಲ್ಲ ಆ ದರಿದ್ರ 236.

ಇದರಲ್ಲಿ ಹೊಟ್ಟೆ ಉರಿಯೋ ಸಂಗತಿ ಏನು ಗೊತ್ತಾ, 236ಕ್ಕೇ ನಿಲ್ಲಬೇಕಿರಲಿಲ್ಲ. ಅಗಲಕ್ಕೆ ನಾಲ್ಕೇ ಇಟ್ಟರೆ ಪಕ್ಕದಲ್ಲಿ 43 ಸೆಂ.ಮೀ. ಖಾಲಿ ಬೀಳುತ್ತೆ. ನಾಲ್ಕರಲ್ಲಿ ಮೂರು ಸಾಲನ್ನು ಅಡ್ಡ ತಿರುಗಿಸಿ, 58ರ ಬದಿ ಕಂಟೇನರ್ ಅಗಲಕ್ಕೆ ಬರುವ ಹಾಗೆ. ಉಬ್ಬು ಸೇರಿಸಿ ಮೂರು 58.5, ಒಂದು 48, ಒಟ್ಟು 223.5. ಕೈ ಆಡುವಷ್ಟು ಸಡಿಲ. ತಿರುಗಿಸಿದ ಒಂದೊಂದು ಸಾಲಿನಲ್ಲಿ ಉದ್ದಕ್ಕೆ 12 ಕೂರುತ್ತೆ, ತಿರುಗಿಸದ್ದರಲ್ಲಿ 10. ಪದರಕ್ಕೆ 46, ಆರು ಪದರಕ್ಕೆ 276, ಬಾಗಿಲ ಬಳಿ 4 ಕಳೆದು 272. ತುಂಬಿದ್ದನ್ನೆಲ್ಲ ಇಳಿಸಿ ಮತ್ತೆ ಹೀಗೇ ಜೋಡಿಸಿದಾಗ 272 ಹೋಯಿತು. 40 ಉಳಿದವು, ಅವು ಎಲ್‌ಸಿಎಲ್‌ನಲ್ಲಿ, ಅಂದರೆ ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರ್ ಹಂಚಿಕೊಂಡು. ಅದಕ್ಕೆ ಬೇರೆ ದಾಖಲೆ, ಬೇರೆ ಬಾಡಿಗೆ. ದುಡ್ಡಿನ ಮಾತೆತ್ತಿದರೆ "ಅದು ಅಂದಾಜು ಅಂಕಿ ಸರ್, ಕೋಟೇಶನ್ ಕೆಳಗೆ ಬರೆದಿದೆ ನೋಡಿ." ನೋಡಿದೆ. ಬರೆದಿದೆ. ಇರುವೆ ಗಾತ್ರದ ಅಕ್ಷರದಲ್ಲಿ.

ನಡುವೆ ಇನ್ನೊಂದು ಬುದ್ಧಿವಾದ ಬೇರೆ: "ಪ್ಯಾಲೆಟ್ ಮೇಲೆ ಹಾಕಿಬಿಡಿ, 20 ಅಡಿಗೆ 10 ಪ್ಯಾಲೆಟ್ ಆರಾಮಾಗಿ ಹಿಡಿಸುತ್ತೆ." ಆರಾಮಾಗಿ! 1200 × 1000 ಮಿ.ಮೀ. ಪ್ಯಾಲೆಟ್ ಎರಡನ್ನು 1200ರ ಬದಿ ಅಗಲಕ್ಕಿಟ್ಟರೆ 2400, ಅಗಲ ಇರೋದು 2352. ಆದ್ದರಿಂದ ಪಕ್ಕಪಕ್ಕದಲ್ಲಿ ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಇಡಬೇಕು. ಒಂದು ಬದಿ ಪೂರ್ತಿ ಉದ್ದಕ್ಕೆ, ಇನ್ನೊಂದು ಬದಿ ಪೂರ್ತಿ ಅಡ್ಡಕ್ಕೆ ಇಟ್ಟರೆ 4 ಮತ್ತು 5, ಒಟ್ಟು 9. ಹತ್ತನೆಯದು ಕೂರಬೇಕಾದರೆ ಮೊದಲ ಜೋಡಿಯನ್ನು ಅದಲುಬದಲು ಮಾಡಬೇಕು: ಎಡಗಡೆ ಮೊದಲನೆಯದು ಅಡ್ಡ, ಆಮೇಲೆ ನಾಲ್ಕು ಉದ್ದಕ್ಕೆ. ಬಲಗಡೆ ಮೊದಲನೆಯದು ಉದ್ದಕ್ಕೆ, ಆಮೇಲೆ ನಾಲ್ಕು ಅಡ್ಡ. ಎಡಗಡೆ 5800 ಆಗುತ್ತೆ, ಮಿಕ್ಕೋದು 98 ಮಿ.ಮೀ. ಸರಕು ಪ್ಯಾಲೆಟ್ ಅಂಚಿನಿಂದ ಎರಡೂ ಕಡೆ 3 ಸೆಂ.ಮೀ. ಚಾಚಿದ್ದರೆ ಮುಗೀತು, ಬಾಗಿಲು ಮುಚ್ಚಲ್ಲ. ಪ್ಯಾಲೆಟ್ಟಿಗೆ ನಾಲ್ಕೂ ಕಡೆಯಿಂದ ಫೋರ್ಕ್ ಹೋಗುವಂತಿರಬೇಕು, ಎರಡೇ ಕಡೆ ಹೋಗುವಂಥದ್ದನ್ನು ಬೇಕಾದ ಹಾಗೆ ತಿರುಗಿಸಿ ಇಡೋಕೆ ಬರಲ್ಲ. ಇಷ್ಟೆಲ್ಲ ಮಾಡಿದರೂ ಈ ಕಾರ್ಟನ್ ಪ್ಯಾಲೆಟ್ ಮೇಲೆ ಪದರಕ್ಕೆ 4, ಐದು ಪದರ, ಅಂದರೆ 20. ಆರನೇ ಪದರ ಹಾಕಿದರೆ ಬಾಗಿಲಲ್ಲಿ ತೂರಲ್ಲ. ಹತ್ತು ಪ್ಯಾಲೆಟ್‌ಗೆ 200. ಇದು ಪರಿಹಾರವಂತೆ.

ಯಾರೇ ಅಂಕಿ ಕೊಟ್ಟರೂ ಉದ್ದಕ್ಕೆ ಎಷ್ಟು, ಅಗಲಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ, ಬಾಗಿಲ ಸಾಲು ಬೇರೆಯಾಗಿ. ಬಾಕ್ಸ್ ಮಾಡುವವರು ಕೊಡೋದು ಎಷ್ಟೋ ಸಲ ಒಳ ಅಳತೆ, ಅದನ್ನು ಹಾಕಲೇಬೇಡಿ. ತುಂಬಿದ ಕಾರ್ಟನ್ನನ್ನು ಐದರ ಕೆಳಗೆ ಒಂದು ರಾತ್ರಿ ಇಟ್ಟು ಹೊಟ್ಟೆಯ ಹತ್ತಿರ ಅಳೆಯಿರಿ. ಅಗಲದಲ್ಲಿ ಒಟ್ಟು 3 ಸೆಂ.ಮೀ. ಕೂಡ ಮಿಗದ ಪ್ಲ್ಯಾನ್ ಬಂದರೆ ವಾಪಸ್ ಕಳಿಸಿ.

ನಿನ್ನೆ ಮತ್ತೆ ಮೆಸೇಜ್ ಬಂದಿದೆ. "ಸರ್, ಮುಂದಿನ ಲೋಡ್ ಕೂಡ ನಮಗೇ ಕೊಡಿ. ಈ ಸಲ ಶೇಕಡಾ 10 ಸೇಫ್ಟಿ ಕಳೆದಿದ್ದೇವೆ, 280 ಗ್ಯಾರಂಟಿ." ಅದೇ ಕಾರ್ಟನ್, ಅದೇ ಕಂಟೇನರ್. 312ರಲ್ಲಿ ಹತ್ತನೇ ಒಂದು ಭಾಗ ತೆಗೆದುಬಿಟ್ಟಿದ್ದಾನೆ ಅಷ್ಟೇ. ಎಂಟು ಕಾರ್ಟನ್ ಮತ್ತೆ ನೆಲದ ಮೇಲೆ.