ಫ್ಯಾನು, ಮಂಜು ಎರಡನ್ನೂ ಒಂದೇ ಡಬ್ಬಿಗೆ ಒಪ್ಪಿಸಿದ ಮೇಲೆ: ಶಿರಸಿಯ ಆಂಥೂರಿಯಂ ಮನೆಯಿಂದ ವಿಮರ್ಶೆ

ಶಿರಸಿ ಹತ್ತಿರ ಐದು ಗುಂಟೆಯ ಪಾಲಿಹೌಸಿನಲ್ಲಿ ಆಂಥೂರಿಯಂ ಬೆಳೆಯುತ್ತೇನೆ. ಒಂದು ಎಚ್‌ಪಿಯ ಮೂರು ಎಕ್ಸಾಸ್ಟ್ ಫ್ಯಾನ್, ಮೇಲೆ ನೀರನ್ನು ಮಂಜಿನಂತೆ ಸಿಂಪಡಿಸುವ ಫಾಗರ್ ಸಾಲುಗಳು. ಉಷ್ಣಾಂಶ ಮತ್ತು ಆರ್ದ್ರತೆಯನ್ನು ಒಟ್ಟಿಗೆ ನೋಡಿ ಇವೆರಡನ್ನೂ ನಡೆಸುವ ಕಂಟ್ರೋಲರ್ ಹಾಕಿಸಿದ ಮೇಲೆ ಬೇಸಿಗೆ, ಮಳೆ, ಚಳಿ ಎಲ್ಲವೂ ಬಂದು ಹೋಗಿವೆ. ಕೊಂಡ ಹೊಸತರಲ್ಲಿ ಬರೆಯುವ ಅಭಿಪ್ರಾಯಕ್ಕೆ ಈ ವಿಷಯದಲ್ಲಿ ಬೆಲೆ ಕಡಿಮೆ. ನಮ್ಮ ಮಳೆಗಾಲ ಕಳೆಯದೆ ಇಂಥ ಯಂತ್ರದ ಗುಣ ಗೊತ್ತಾಗುವುದಿಲ್ಲ.

ಮೊದಲು ನಮ್ಮಲ್ಲಿದ್ದದ್ದು ಎಲ್ಲ ಕಡೆ ಇರುವ ವ್ಯವಸ್ಥೆಯೇ. ಫ್ಯಾನಿಗೊಂದು ಥರ್ಮೋಸ್ಟಾಟ್, ಫಾಗರಿಗೊಂದು ಹ್ಯುಮಿಡಿಸ್ಟಾಟ್, ಒಂದಕ್ಕೊಂದು ಸಂಬಂಧವಿಲ್ಲ. ಬಿಸಿಲೇರಿದರೆ ಫ್ಯಾನ್ ಓಡಿ ಒಳಗಿನ ತೇವವನ್ನು ಹೊರಗೆ ಎಳೆಯುತ್ತಿತ್ತು. ತೇವ ಇಳಿಯಿತೆಂದು ಫಾಗರ್ ಶುರುವಾಗುತ್ತಿತ್ತು. ಅದರಿಂದ ತಂಪಾಗಿ ಫ್ಯಾನ್ ನಿಲ್ಲುತ್ತಿತ್ತು. ಫ್ಯಾನ್ ನಿಂತ ಕೂಡಲೇ ಮತ್ತೆ ಬಿಸಿ. ಮಧ್ಯಾಹ್ನವೆಲ್ಲ ಮೋಟಾರಿಗೆ ಕರೆಂಟ್ ಕೊಟ್ಟು ತೆಗೆಯುವ ಕಾಂಟ್ಯಾಕ್ಟರ್ ಟಕಟಕ ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿ ನೋಡಿ, "ಹೆಗಡೇರೇ, ಪಾಯಿಂಟ್ ಎಲ್ಲಾ ಸುಟ್ಟು ಕರಕಲಾಗಿದೆ, ಮೋಟಾರಿಗೆ ಉಸಿರಾಡೋಕೂ ಪುರುಸೊತ್ತಿಲ್ಲ" ಎಂದಿದ್ದರು. ಅವರ ಮಾತು ನಿಜ. ಇಂಥ ಮೋಟಾರು ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಐದಾರು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಸವೆತ ಆಗುವುದು ಓಡುವುದರಿಂದಲ್ಲ, ಪದೇ ಪದೇ ಶುರುವಾಗುವುದರಿಂದ.

ಹೊಸ ಕಂಟ್ರೋಲರ್ ಎರಡು ಅಳತೆಗಳನ್ನು ಸೇರಿಸಿ ಒಂದು ಅಂಕಿ ತೆಗೆಯುತ್ತದೆ. ಪರದೆಯಲ್ಲಿ ಅದು VPD ಎಂದು ಕಾಣುತ್ತದೆ, ಕಿಲೋಪಾಸ್ಕಲ್ ಲೆಕ್ಕದಲ್ಲಿ. ಅದನ್ನು ಗಾಳಿಯ ಬಾಯಾರಿಕೆ ಎಂದುಕೊಳ್ಳಿ: ಆ ಬಿಸಿಯಲ್ಲಿ ಗಾಳಿ ಹಿಡಿದುಕೊಳ್ಳಬಲ್ಲ ಆವಿಗೂ ಈಗ ಅದರಲ್ಲಿರುವ ಆವಿಗೂ ನಡುವಿನ ಅಂತರ. ಅಂಕಿ ದೊಡ್ಡದಿದ್ದರೆ ಸಿಂಪಡಿಸಿದ ಹನಿ ಗಾಳಿಯಲ್ಲೇ ಆರಿ ತಂಪು ಕೊಡುತ್ತದೆ. ಚಿಕ್ಕದಿದ್ದರೆ ಹನಿ ಆರದೆ ಎಲೆಯ ಮೇಲೆ ಕೂರುತ್ತದೆ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ತೆಗೆದುಕೊಳ್ಳಿ. 35 ಡಿಗ್ರಿ, ಆರ್ದ್ರತೆ 40%. VPD ಸುಮಾರು 3.4. ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರ್ 24ರ ಹತ್ತಿರ ತೋರಿಸುತ್ತದೆ. ಅಂದರೆ ನೀರು ಆರಿಸಿ ತಂಪು ಮಾಡಲು ಹನ್ನೊಂದು ಡಿಗ್ರಿಯಷ್ಟು ಜಾಗವಿದೆ. ಫ್ಯಾನಿನೊಂದಿಗೆ ಫಾಗರ್ ಸೇರಿದರೆ ಒಳಗೆ 29 ಡಿಗ್ರಿ, 66% ಹತ್ತಿರ ಬರುತ್ತದೆ, VPD 1.35ಕ್ಕೆ ಇಳಿಯುತ್ತದೆ. ಇನ್ನು ಮಳೆಗಾಲದಲ್ಲಿ ಮಳೆ ಬಿಟ್ಟು ಫಕ್ಕನೆ ಬಿಸಿಲು ಬಿದ್ದ ಹೊತ್ತು. ಒಳಗೆ 31 ಡಿಗ್ರಿ, ಆರ್ದ್ರತೆ 85%. ಉಷ್ಣಾಂಶ ಮಾತ್ರ ನೋಡುವ ಯಂತ್ರ ಆಗಲೂ ಮಂಜು ಬಿಡುತ್ತದೆ. ಆದರೆ ಒದ್ದೆಬಟ್ಟೆಯ ಅಳತೆ 29ರ ಹತ್ತಿರ ಇರುವುದರಿಂದ ಎಷ್ಟೇ ನೀರು ಬಿಟ್ಟರೂ ಎರಡು ಡಿಗ್ರಿಗಿಂತ ಹೆಚ್ಚು ತಂಪಾಗುವುದಿಲ್ಲ. ಎಲೆ ಮಾತ್ರ ನೆನೆಯುತ್ತದೆ. ನನ್ನ ಕಂಟ್ರೋಲರ್ ಅಲ್ಲಿ VPD 0.7 ಎಂದು ಕಂಡು ಫಾಗರನ್ನು ಮುಟ್ಟದೆ ಫ್ಯಾನ್ ಮಾತ್ರ ಓಡಿಸುತ್ತದೆ. ಈ ಒಂದು ಕೆಲಸಕ್ಕೇ ನಾನು ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಆಂಥೂರಿಯಂಗೆ ಬರುವ ಬ್ಯಾಕ್ಟೀರಿಯಾ ಅಂಗಮಾರಿ ಮುಖ್ಯವಾಗಿ ಎಲೆಯಂಚಿನ ನೀರಿನಿಂದ ಒಳಹೊಕ್ಕು, ಸಿಡಿಯುವ ಹನಿಯಿಂದ ಪಕ್ಕದ ಗಿಡಕ್ಕೆ ಹೋಗುತ್ತದೆ. ಎಲೆ ಒಣಗಿರುವುದು ಅರ್ಧ ಔಷಧಿ.

ನಾನು ಇಟ್ಟುಕೊಂಡ ಸೆಟ್ಟಿಂಗ್ ಹೀಗಿದೆ. ಮೊದಲ ಫ್ಯಾನ್ 29 ಡಿಗ್ರಿಗೆ ಶುರುವಾಗಿ 27ಕ್ಕೆ ನಿಲ್ಲುತ್ತದೆ, ಉಳಿದೆರಡು ಒಂದೊಂದು ಡಿಗ್ರಿ ಮೇಲೆ. ಫಾಗರ್ VPD 1.5 ದಾಟಿದರೆ ಶುರು, 1.1ಕ್ಕೆ ಬಂದ್. ಶುರು ಮತ್ತು ಬಂದ್ ನಡುವಿನ ಈ ಅಂತರವೇ ಟಕಟಕವನ್ನು ನಿಲ್ಲಿಸಿದ್ದು. ಜೊತೆಗೆ ಫ್ಯಾನ್ ಒಮ್ಮೆ ಹತ್ತಿದರೆ ಕನಿಷ್ಠ 4 ನಿಮಿಷ ಓಡಬೇಕು, ನಿಂತರೆ 3 ನಿಮಿಷ ನಿಂತಿರಬೇಕು. ಫಾಗರ್ 10 ಸೆಕೆಂಡ್ ಬಿಟ್ಟು 4 ನಿಮಿಷ ಕಾಯುತ್ತದೆ. ಹನಿ ಆರಿ ಅದರ ತಂಪು ಸೆನ್ಸರಿಗೆ ತಲುಪಲು ಅಷ್ಟು ಹೊತ್ತು ಬೇಕು. ಕಾಯದೆ ಮತ್ತೆ ಬಿಟ್ಟರೆ ಆಗಲೇ ಬಿಟ್ಟ ನೀರಿನ ಲೆಕ್ಕ ತಪ್ಪುತ್ತದೆ. ಸಂಜೆ 4ರ ನಂತರ ಫಾಗರಿಗೆ ಬೀಗ, ಕತ್ತಲಾಗುವ ಮೊದಲು ಎಲೆ ಆರಲೇಬೇಕು. ನಳಿಕೆಗಳಿಗೆ ಸೋರದಂತೆ ತಡೆಯುವ ವಾಲ್ವ್ ಇರಲಿ. ಇಲ್ಲದಿದ್ದರೆ ಪಂಪ್ ನಿಂತ ಮೇಲೂ ಪೈಪಿನ ನೀರು ಗಿಡದ ಮೇಲೆ ತೊಟ್ಟಿಕ್ಕುತ್ತದೆ, ಅದನ್ನು ಯಾವ ಕಂಟ್ರೋಲರೂ ತಡೆಯಲಾರದು.

ರಾತ್ರಿಯ ಕಥೆ ಬೇರೆ. ಡಿಸೆಂಬರಿನಲ್ಲಿ ಆಕಾಶ ತಿಳಿಯಾಗಿದ್ದಾಗ ಪಾಲಿಥೀನ್ ಹಾಳೆ ಗಾಳಿಗಿಂತಲೂ ಬೇಗ ತಣ್ಣಗಾಗುತ್ತದೆ. ಒಳಗೆ 18 ಡಿಗ್ರಿ, 95% ಇದ್ದರೆ ಯಾವ ಮೇಲ್ಮೈ 17.2ಕ್ಕಿಂತ ತಣ್ಣಗಿದೆಯೋ ಅಲ್ಲೆಲ್ಲ ನೀರು ಕೂರುತ್ತದೆ. ಹಾಳೆಯಲ್ಲಿ ಕಟ್ಟಿದ್ದು ಬೆಳಗಿನ ಜಾವ ಹೂವಿನ ಮೇಲೆ ಬೀಳುತ್ತದೆ. ಹೊರಗೆ 15 ಡಿಗ್ರಿ, 98%. "ಹೊರಗೇ ಇಷ್ಟು ತೇವ, ಫ್ಯಾನ್ ಹಾಕಿದರೆ ಇನ್ನೂ ಒದ್ದೆಯಾಗದೇ?" ಎಂದು ಹಲವರು ಕೇಳಿದ್ದಾರೆ. ಶೇಕಡಾವಾರು ಇಲ್ಲಿ ದಾರಿ ತಪ್ಪಿಸುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ಒಳಗೆ 14.6 ಗ್ರಾಂ ನೀರಿದೆ, ಹೊರಗೆ 12.6 ಗ್ರಾಂ ಮಾತ್ರ. ಹೊರಗಿನದೇ ಒಣ ಗಾಳಿ. ಹೊರಗೂ ಒಂದು ಸೆನ್ಸರ್ ಇರುವುದರಿಂದ ಕಂಟ್ರೋಲರ್ ಗ್ರಾಂ ಲೆಕ್ಕ ಹೋಲಿಸಿ, ಸೂರ್ಯ ಹುಟ್ಟುವ ಮೊದಲು ಒಂದೇ ಫ್ಯಾನನ್ನು ಸ್ವಲ್ಪ ಹೊತ್ತು ಓಡಿಸಿ ತೇವ ಹೊರಹಾಕುತ್ತದೆ. ಆ ಹೊತ್ತೇ ಮುಖ್ಯ. ಬಿಸಿಲು ಬಿದ್ದಾಗ ಗಾಳಿ ಬೇಗ ಬಿಸಿಯಾಗುತ್ತದೆ, ದಪ್ಪ ಹೂವು ಮತ್ತು ದಂಟು ಹಿಂದೆ ಬೀಳುತ್ತವೆ, ಆ ತಣ್ಣನೆ ಮೈಮೇಲೆ ಇಬ್ಬನಿ ಕಟ್ಟುತ್ತದೆ. ಜುಲೈ ರಾತ್ರಿಗಳಲ್ಲಿ ಒಳಗೆ ಹೊರಗೆ ಗ್ರಾಂ ಲೆಕ್ಕ ಹೆಚ್ಚುಕಡಿಮೆ ಒಂದೇ, ಎಕ್ಸಾಸ್ಟ್‌ನಿಂದ ಏನೂ ಆಗದು. ಆಗ ಒಳಗಿನ ಗಾಳಿ ತಿರುಗಿಸುವ ಚಿಕ್ಕ ಫ್ಯಾನುಗಳೇ ಗತಿ.

ದೂರುಗಳೂ ಇವೆ. ಸೆನ್ಸರ್ ಜೊತೆ ಬಂದ ಡಬ್ಬಿ ಮುಚ್ಚಿದ್ದರಿಂದ ಗಾಳಿ ಆಡುತ್ತಿರಲಿಲ್ಲ. ಮಂಜು ಬಿಟ್ಟ ಮೇಲೆ ಬಹಳ ಹೊತ್ತು 99% ಎಂದೇ ತೋರಿಸುತ್ತಿತ್ತು. ಬಿಸಿಲು ತಾಗದಂತೆ ಬಿಳಿ ತಟ್ಟೆಗಳ ಮರೆ, ಒಳಗೆ ಕಂಪ್ಯೂಟರಿನ ಸಣ್ಣ ಫ್ಯಾನ್ ಹಾಕಿ, ನಳಿಕೆಗಳಿಂದ ದೂರ, ಗಿಡದ ಎತ್ತರಕ್ಕೆ ಕಟ್ಟಿದ ಮೇಲೆ ಸರಿಹೋಯಿತು. ಮಳೆಗಾಲದುದ್ದಕ್ಕೂ ಒದ್ದೆಯಲ್ಲಿದ್ದ ಸೆನ್ಸರ್ ಮೂರ್ನಾಲ್ಕು ಅಂಶ ಹೆಚ್ಚು ಓದತೊಡಗುತ್ತದೆ. ಅದನ್ನು ಹಿಡಿಯಲು ಅಡುಗೆ ಉಪ್ಪೇ ಸಾಕು: ಉಪ್ಪಿಗೆ ಕೆಸರಾಗುವಷ್ಟೇ ನೀರು ಬೆರೆಸಿ ಬಿಗಿ ಮುಚ್ಚಳದ ಭರಣಿಯಲ್ಲಿಟ್ಟು, ತಾಗದಂತೆ ಸೆನ್ಸರನ್ನು ಮೇಲೆ ತೂಗಿಬಿಡಿ. ರಾತ್ರಿ ಕಳೆದ ಮೇಲೆ 75% ತೋರಿಸಬೇಕು. ವ್ಯತ್ಯಾಸವಿದ್ದಷ್ಟನ್ನು ಮೆನುವಿನಲ್ಲಿ ಕಳೆಯಬಹುದು. ಆ ಮೆನು ಮಾತ್ರ ತೀರಾ ತಲೆನೋವು, ಕೆಲಸದವರಿಗೆ ಕಲಿಸುವುದು ಕಷ್ಟ. ಕರೆಂಟ್ ಹೋಗಿ ಬಂದಾಗ ಮೂರು ಫ್ಯಾನುಗಳನ್ನು ಒಟ್ಟಿಗೆ ಹತ್ತಿಸದೆ ಒಂದರ ಹಿಂದೊಂದು ಬಿಡುವುದು ಇದರ ಒಳ್ಳೆಯ ಗುಣ.

ಕಾರವಾರದ ಪರಿಚಯದವರೊಬ್ಬರು ತಾವೂ ತರಿಸಲೇ ಎಂದು ಕೇಳಿದರು. ಅಲ್ಲಿ ಏಪ್ರಿಲಿನಲ್ಲೂ ಗಾಳಿ 33 ಡಿಗ್ರಿ, 68% ಇದ್ದರೆ ಒದ್ದೆಬಟ್ಟೆಯ ಅಳತೆ 28. ಲೆಕ್ಕದಲ್ಲಿ ಐದು ಡಿಗ್ರಿ, ಕೈಗೆ ಸಿಗುವುದು ಎರಡು ಮೂರು. ಹಾಗಾಗಿ ಅವರಿಗೆ ಹೇಳಿದ್ದು ಇಷ್ಟು: ಕಂಟ್ರೋಲರ್ ತರಿಸಿ, ಹೊರಗಿನ ಸೆನ್ಸರ್ ಬಿಡಬೇಡಿ, ಫಾಗರಿಗೆ ಇಟ್ಟ ದುಡ್ಡನ್ನು ನೆರಳು ಬಲೆಗೂ ಇನ್ನೊಂದು ಫ್ಯಾನಿಗೂ ಹಾಕಿ.