ಮನೆ ಅಡ ಇಟ್ಟು ಬಿಸಿನೆಸ್‌ಗೆ ಲೋನ್: ನಾಲ್ಕು ವರ್ಷ ಕಂತು ಕಟ್ಟಿದ ಮೇಲೆ

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ಹೊಸ ಸಿಎನ್‌ಸಿ ಮಷೀನ್ ಹಾಕಲು ಮನೆ ಪತ್ರ ಅಡ ಇಟ್ಟು ಲೋನ್ ತಗೊಂಡೆವು. ಮನೆ ನನ್ನ ಮತ್ತು ಹೆಂಡತಿಯ ಜಂಟಿ ಹೆಸರಲ್ಲಿದೆ, ಹಾಗಾಗಿ ಸಾಲಕ್ಕೆ ಅವಳೂ ಸಹಿ ಹಾಕಬೇಕಾಯಿತು. ಪಾಲಿಕೆ ದಾಖಲೆಯಲ್ಲಿ ಮನೆಗೆ ಪಕ್ಕಾ ಎ ಖಾತಾ ಇದ್ದದ್ದರಿಂದ ಪತ್ರದ ಕೆಲಸ ಬೇಗ ಮುಗಿಯಿತು. ಬಿ ಖಾತಾ ಅಂದ್ರೆ ಹೆಚ್ಚಿನ ಬ್ಯಾಂಕುಗಳು ಮುಂದೆ ಮಾತೇ ಆಡಲ್ಲ.

ಬೆಲೆ ಕಟ್ಟುವ ದಿನ ನಡೆದದ್ದನ್ನು ಹೇಳಲೇಬೇಕು. 30x40 ಸೈಟು, ಮೂರು ಮಹಡಿ, ಬ್ರೋಕರ್‌ಗಳ ಬಾಯಲ್ಲಿ 1.8 ಕೋಟಿ. ಬ್ಯಾಂಕಿನ ಇಂಜಿನಿಯರ್ ಮಂಜೂರಾದ ಪ್ಲಾನ್ ಹಿಡಿದು ಟೆರೇಸಿನವರೆಗೂ ಹತ್ತಿದರು. "ಸರ್, ಪ್ಲಾನ್‌ನಲ್ಲಿ ಇರೋದು ಎರಡೇ ಫ್ಲೋರ್. ಮೂರನೇದಕ್ಕೆ ಬೆಲೆ ಹಾಕೋಕೆ ಆಗಲ್ಲ" ಅಂದರು. ಸೈಟಿಗೆ 1.2 ಕೋಟಿ, ಹಳೆಯದಾದ ಎರಡು ಮಹಡಿಗೆ 20 ಲಕ್ಷ. ಒಟ್ಟು 1.4 ಕೋಟಿ. ಅದರಲ್ಲಿ ಶೇ. 60, ಅಂದರೆ 84 ಲಕ್ಷದವರೆಗೆ ಕೊಡಬಹುದು.

ಆದರೆ ಕೈಗೆ ಬಂದದ್ದು 40 ಲಕ್ಷ ಮಾತ್ರ. ಐಟಿ ರಿಟರ್ನ್ಸ್‌ನಲ್ಲಿ ನಮ್ಮ ಲಾಭ ವರ್ಷಕ್ಕೆ 15 ಲಕ್ಷ, ತಿಂಗಳಿಗೆ 1.25 ಲಕ್ಷ. ಎಲ್ಲ ಕಂತುಗಳೂ ಸೇರಿ ಅದರ ಅರ್ಧ ದಾಟಬಾರದು ಅನ್ನುವುದು ಅವರ ಲೆಕ್ಕ. ಹಳೆ ಮಷೀನಿನ ಕಂತು 8,500 ಕಳೆದರೆ 54,000 ಉಳಿಯುತ್ತದೆ. ಶೇ. 10.5 ಬಡ್ಡಿ, ಹತ್ತು ವರ್ಷ ಅಂದರೆ ಅಷ್ಟು ಕಂತಿಗೆ 40 ಲಕ್ಷವೇ ಸಿಗುವುದು. ಮನೆ ಬೆಲೆಯ ಲೆಕ್ಕ, ಆದಾಯದ ಲೆಕ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದೇ ಸಾಲ. ನನಗೆ ಇದು ಒಳ್ಳೆಯದೇ ಅನ್ನಿಸಿತು. ಬ್ಯಾಂಕು 84 ಲಕ್ಷ ಕೊಟ್ಟಿದ್ದರೆ ಕಟ್ಟಲು ಆಗುತ್ತಲೇ ಇರಲಿಲ್ಲ.

ಕಳೆದ ವರ್ಷ ದೊಡ್ಡ ಗಿರಾಕಿಯೊಬ್ಬರು ಬಿಲ್ ಹಣ ತಡ ಮಾಡಿದಾಗ ಎರಡು ಕಂತು ಬಾಕಿ ಬಿತ್ತು. ಆಗ ನಿಯಮವನ್ನೆಲ್ಲ ಕೂತು ಓದಿದೆ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಆಮೇಲೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ 60 ದಿನದ ನೋಟಿಸ್ ಬರುತ್ತದೆ. ಅದರಲ್ಲಿ ಕೇಳುವುದು ತಪ್ಪಿದ ಕಂತುಗಳನ್ನಲ್ಲ, ಉಳಿದ ಸಾಲವನ್ನೆಲ್ಲ ಒಟ್ಟಿಗೆ! ಕಟ್ಟದಿದ್ದರೆ ಸಿವಿಲ್ ಕೋರ್ಟಿನ ಡಿಕ್ರಿ ಇಲ್ಲದೆಯೇ ಮನೆ ಸ್ವಾಧೀನಕ್ಕೆ ತಗೊಂಡು, 30 ದಿನದ ನೋಟಿಸ್ ಕೊಟ್ಟು ಹರಾಜು ಹಾಕಬಹುದು. ಸ್ವಾಧೀನದ ಕ್ರಮ ತಪ್ಪು ಅನ್ನಿಸಿದರೆ 45 ದಿನದೊಳಗೆ ಡಿಆರ್‌ಟಿಗೆ, ಅಂದರೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬೇಕು. ಹಳೆ ಲೇತ್ ಮಾರಿ ಎರಡೂ ಕಂತು ಕಟ್ಟಿದೆವು. ನೋಟಿಸ್ ಬರಲಿ ನೋಡೋಣ ಅಂತ ಯಾರೂ ಕಾಯಬೇಡಿ. ಅಷ್ಟು ಹೊತ್ತಿಗೆ ಬೇಕಾಗುವ ಹಣ ಲಕ್ಷದಿಂದ ಹತ್ತಾರು ಲಕ್ಷಕ್ಕೆ ಏರಿರುತ್ತದೆ.

ಈಗ ಮೂರು ಕಂತಿನ ಹಣ ಬೇರೆ ಖಾತೆಯಲ್ಲಿ ಇಟ್ಟಿದ್ದೇವೆ. ಸೇವೆ ಬಗ್ಗೆ ನನ್ನ ದೂರು ಒಂದೇ. ಸಹಿ ಹಾಕಿಸಿಕೊಳ್ಳುವಾಗ ಬಡ್ಡಿ, ಕಂತು ಎಲ್ಲ ವಿವರಿಸಿದವರು ಈ 90 ದಿನದ ಮಾತು ಎತ್ತಲೇ ಇಲ್ಲ. ಜೊತೆಗೆ ಸಹಿ ಹಾಕುವ ಹೆಂಡತಿಗೋ ಅಮ್ಮನಿಗೋ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು, ಮನೆ ಅವರದೂ ಅಲ್ವಾ?