ಸುಳ್ಳು ಕ್ಲಿಕ್‌ಗೆ ದುಡ್ಡು ಹೋದಾಗ ಮೊದಲು ಬ್ಯಾಂಕಿಗೆ ಫೋನ್ ಮಾಡಬೇಡಿ

ಬಳ್ಳಾರಿಯ ಒಂದು ಜೀನ್ಸ್ ಘಟಕಕ್ಕೆ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಆನ್‌ಲೈನ್ ಜಾಹೀರಾತು ಕೊಡುವ ಉಳಿದ ಘಟಕದವರು, ಅಂಗಡಿಯವರು ಅದೇ ಹಳ್ಳಕ್ಕೆ ಬೀಳಬಾರದು. ಅವರು ಕಳೆದುಕೊಂಡದ್ದು ಕ್ಲಿಕ್ಕಿನ ದುಡ್ಡಷ್ಟೇ ಅಲ್ಲ, ಹೋಲ್‌ಸೇಲ್ ಆರ್ಡರ್ ತರುತ್ತಿದ್ದ ಜಾಹೀರಾತು ಖಾತೆಯೇ ಹೋಯಿತು. ಗಿರಾಕಿಯಲ್ಲದ ಯಾರೋ ಅಥವಾ ಯಾವುದೋ ಯಂತ್ರ ಜಾಹೀರಾತಿನ ಮೇಲೆ ಒತ್ತುವ ಸುಳ್ಳು ಕ್ಲಿಕ್ ತಡೆಯುವುದು ಯಾರ ಕೈಯಲ್ಲೂ ಇಲ್ಲ. ಖಾತೆಯನ್ನು ಮಾತ್ರ ಉಳಿಸಿಕೊಳ್ಳಬಹುದಿತ್ತು.

ದಿನಕ್ಕೆ 1,500 ರೂಪಾಯಿ ಬಜೆಟ್, ಒಂದು ಕ್ಲಿಕ್ಕಿಗೆ ಸರಾಸರಿ 12 ರೂಪಾಯಿ. ಮೂರು ರಾತ್ರಿ ಸತತವಾಗಿ, ನಸುಕಿನ ಎರಡರಿಂದ ನಾಲ್ಕರ ನಡುವೆ ಬಜೆಟ್ಟಿನ ಬಹುಪಾಲು ಖಾಲಿಯಾಯಿತು. ಫೋನ್ ಒಂದೂ ಬರಲಿಲ್ಲ. ಕಾರ್ಡಿನಲ್ಲಿ ಹಣ ಮುಗಿದಿದ್ದಕ್ಕೆ ಮಾಲೀಕರು ಭಾವನ ಕಾರ್ಡ್ ಸೇರಿಸಿದರು. ಮರುದಿನ "ಅನುಮಾನಾಸ್ಪದ ಪಾವತಿ" ಎಂಬ ಕಾರಣ ಕೊಟ್ಟು ಜಾಹೀರಾತು ವೇದಿಕೆ ಖಾತೆಯನ್ನು ನಿಲ್ಲಿಸಿತು. ಜಾಹೀರಾತು ನೋಡಿಕೊಳ್ಳುತ್ತಿದ್ದ ಹುಡುಗ, "ಅಣ್ಣಾ, ಬ್ಯಾಂಕಿಗೆ ಫೋನ್ ಮಾಡಿ ಇಡೀ ತಿಂಗಳ ದುಡ್ಡು ವಾಪಸ್ ತಗೋರಿ, ಹೊಸ ಖಾತೆ ಮಾಡೋಣ" ಅಂದ. ಎರಡೂ ಮಾಡಿದರು. ಆಮೇಲೆ ಎಲ್ಲ ಬಾಗಿಲೂ ಮುಚ್ಚಿತು.

ಯಾಕೆ ಅಂದರೆ, ನಿಮ್ಮ ತಕರಾರಿನ ಮೇಲೆ ಬ್ಯಾಂಕು ಕಾರ್ಡಿನ ಪಾವತಿಯನ್ನು ಹಿಂದಕ್ಕೆ ಪಡೆಯುವುದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರೆ, ಅದು ಬಂದಾಗ ವೇದಿಕೆಯ ಲೆಕ್ಕದಲ್ಲಿ ಅದು ಬಾಕಿ ಹಣ. ಜಾಹೀರಾತು ಓಡಿದೆ, ದುಡ್ಡು ಹಿಂದಕ್ಕೆ ಹೋಗಿದೆ. ಪಾವತಿಯ ಮೇಲೆ ಮೊದಲೇ ಇದ್ದ ಅನುಮಾನಕ್ಕೆ ಇದೇ ಸಾಕ್ಷಿಯಾಯಿತು. ಹೊಸ ಖಾತೆಯಲ್ಲಿ ಅದೇ ವೆಬ್‌ಸೈಟ್, ಅದೇ ಫೋನ್ ನಂಬರ್ ಇದ್ದುದರಿಂದ ಹಳೆಯದರೊಂದಿಗೆ ತಾಳೆಯಾಯಿತು. ನಿಷೇಧ ತಪ್ಪಿಸಿಕೊಳ್ಳಲು ಮಾಡಿದ ಖಾತೆ ಎಂದು ಅದನ್ನೂ ಮುಚ್ಚಿದರು. ಪಾವತಿಯ ಅನುಮಾನವನ್ನು ಕಾಗದ ಕೊಟ್ಟು ಬಿಡಿಸಬಹುದು, ನಿಷೇಧ ತಪ್ಪಿಸಿದ ಆರೋಪ ಅದಕ್ಕಿಂತ ಬಹಳ ಗಟ್ಟಿ. ಸಾಮಾನ್ಯ ಮೇಲ್ಮನವಿಯಿಂದ ಅದು ಸುಲಭಕ್ಕೆ ಹೋಗುವುದಿಲ್ಲ.

ಆದ್ದರಿಂದ ಕ್ಲಿಕ್ಕಿನ ದೂರು ಬೇರೆ, ಖಾತೆಯ ಮೇಲ್ಮನವಿ ಬೇರೆ. ಇವೆರಡನ್ನೂ ನೋಡುವವರು ಬೇರೆ ಬೇರೆ ತಂಡದವರು. ಒಂದೇ ಪತ್ರದಲ್ಲಿ ಎರಡನ್ನೂ ತುಂಬಿದರೆ ಎರಡಕ್ಕೂ ಸಿದ್ಧ ಉತ್ತರವೇ ಬರುತ್ತದೆ.

ಮೊದಲು ಕ್ಲಿಕ್ಕಿನ ದೂರು. ಪ್ರಚಾರವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅಳಿಸಬೇಡಿ. ಪುಟವನ್ನು ಯಾವಾಗ, ಎಲ್ಲಿಂದ ತೆರೆದರು ಎಂದು ದಾಖಲಿಸುವ ವೆಬ್‌ಸೈಟ್ ಸರ್ವರಿನ ಲಾಗ್ ಅನ್ನು ಅದೇ ದಿನ ಇಳಿಸಿಕೊಳ್ಳಿ. ಅಗ್ಗದ ಹೋಸ್ಟಿಂಗಿನಲ್ಲಿ ಇದು ಕೆಲವೇ ದಿನ ಉಳಿಯುತ್ತದೆ, ಆಮೇಲೆ ಬೇಕೆಂದರೂ ಸಿಗುವುದಿಲ್ಲ. ಕೆಲವು ವಿವರ ಬಿಟ್ಟು ತೋರಿಸಿದರೆ ಲಾಗ್ ಹೀಗಿರುತ್ತದೆ:

```
203.0.113.47 [21:02:11 +0000] GET /wholesale?clickid=Kx7a 200
203.0.113.47 [21:02:19 +0000] GET /wholesale?clickid=Kx7a 200
203.0.113.47 [21:03:40 +0000] GET /wholesale?clickid=Mq2d 200
```

ಮೂರು ಸಾಲು ಇದೆ ಎಂದು ಮೂರು ಕ್ಲಿಕ್ ಅನ್ನಬೇಡಿ. ಪ್ರತಿ ಜಾಹೀರಾತು ಕ್ಲಿಕ್ಕಿಗೂ ವೇದಿಕೆ ಒಂದು ಗುರುತು ಸಂಖ್ಯೆ ಅಂಟಿಸಿ ಕಳಿಸುತ್ತದೆ. ಮೊದಲ ಎರಡು ಸಾಲಿನ ಗುರುತು ಒಂದೇ, ಅಂದರೆ ಅದು ಒಂದೇ ಕ್ಲಿಕ್, ಪುಟ ಮತ್ತೆ ತೆರೆದಿದೆ ಅಷ್ಟೆ. ಇಲ್ಲಿರುವುದು ಎರಡು ಕ್ಲಿಕ್. ಸಮಯವನ್ನೂ ನೋಡಿ: ಕೊನೆಯಲ್ಲಿ `+0000` ಇದೆ. ಭಾರತದ ಸಮಯಕ್ಕೆ ಐದೂವರೆ ತಾಸು ಕೂಡಿಸಬೇಕು, ಆಗ 21:02 ಎಂದರೆ ಮರುದಿನ ನಸುಕಿನ 2:32. ಇದನ್ನು ಕೂಡಿಸದೆ ಕಳಿಸಿದ ದೂರಿನಲ್ಲಿ ದಿನಾಂಕವೇ ತಪ್ಪಿರುತ್ತದೆ. ತನಿಖೆ ಮಾಡುವವರಿಗೆ ಆ ದಿನ ಅಂಥದ್ದೇನೂ ಕಾಣದೆ ದೂರು ಬಿದ್ದುಹೋಗುತ್ತದೆ.

ಸಾಲಿನ ಮೊದಲಿಗೆ ಇರುವ ಐಪಿ ವಿಳಾಸ ಒಂದೇ ಇದೆ ಎಂಬುದೂ ಸಾಕ್ಷಿಯಲ್ಲ. ಮೊಬೈಲ್ ನೆಟ್‌ವರ್ಕಿನಲ್ಲಿ ನೂರಾರು ಜನ ಒಂದೇ ವಿಳಾಸದ ಹಿಂದೆ ಇರುತ್ತಾರೆ. ಕೌಲ್ ಬಜಾರಿನ ಒಬ್ಬ ಗಿರಾಕಿಯೂ ಹೊಸಪೇಟೆಯ ಇನ್ನೊಬ್ಬನೂ ಲಾಗಿನಲ್ಲಿ ಒಬ್ಬರಂತೆ ಕಾಣಬಹುದು. ತೂಕ ಬರುವುದು ಕೆಲವು ಲಕ್ಷಣ ಒಟ್ಟಿಗೆ ಸೇರಿದಾಗ: ಒಂದೇ ಬಗೆಯ ಫೋನ್ ಮತ್ತು ಬ್ರೌಸರ್ ಆವೃತ್ತಿ, ಗಡಿಯಾರ ಇಟ್ಟಂತೆ ಸಮನಾದ ಅಂತರ, ಪುಟ ಮಾತ್ರ ತೆರೆದು ಚಿತ್ರ, ಸ್ಟೈಲ್ ಫೈಲು ಯಾವುದನ್ನೂ ಕೇಳದಿರುವುದು. ಹೊಸದಾಗಿ ಬಂದ ಗಿರಾಕಿಯ ಫೋನು ಪ್ಯಾಂಟಿನ ಫೋಟೋ ಇಳಿಸಿಯೇ ಇಳಿಸುತ್ತದೆ. ಸರಳವಾದ ಕ್ಲಿಕ್ ಯಂತ್ರ ಸಾಮಾನ್ಯವಾಗಿ ಇಳಿಸುವುದಿಲ್ಲ.

ಆ ಘಟಕದ ಮೂರು ರಾತ್ರಿಯ ಲಾಗಿನಲ್ಲಿ 310 ಸಾಲುಗಳಿದ್ದವು. ಬೇರೆ ಬೇರೆ ಗುರುತು 190. ಅದರಲ್ಲಿ ಮೇಲಿನ ಲಕ್ಷಣವೆಲ್ಲ ಸೇರಿದವು 124. ಕೇಳಬೇಕಾದ ಮೊತ್ತ 124 ಗುಣಿಸು 12, ಅಂದರೆ 1,488 ರೂಪಾಯಿ, ಅದಕ್ಕೆ 18 ಶೇಕಡಾ ಜಿಎಸ್‌ಟಿ 267.84 ಸೇರಿ 1,755.84. ಅವರು ಕೇಳಿದ್ದು ಇಡೀ ತಿಂಗಳ ಖರ್ಚು. ದೊಡ್ಡ ಮೊತ್ತ ಕೇಳಿದರೆ ಸ್ವಲ್ಪವಾದರೂ ಬರುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗುರುತು ಸಂಖ್ಯೆ ಕೊಟ್ಟ ಕ್ಲಿಕ್ಕನ್ನು ಪರಿಶೀಲಿಸಬಹುದು, "ಎಲ್ಲ ಸುಳ್ಳು" ಎಂಬುದನ್ನು ಯಾರೂ ಪರಿಶೀಲಿಸಲಾರರು.

ವರದಿಯಲ್ಲಿ "ಅಮಾನ್ಯ ಕ್ಲಿಕ್" ಎಂದೇ ತೋರಿಸುವ ಕಾಲಂ ಇದ್ದರೆ ಅದನ್ನು ಬೇಡಿಕೆಯಲ್ಲಿ ಸೇರಿಸಬೇಡಿ. ಅದು ವೇದಿಕೆ ತಾನೇ ಸೋಸಿ ಬಿಟ್ಟದ್ದು, ಅದಕ್ಕೆ ದುಡ್ಡು ಹಿಡಿದಿರುವುದಿಲ್ಲ. ಹಾಗೆಯೇ ಆರ್ಡರ್ ಕೊಡದ ಗಿರಾಕಿಯ ಕ್ಲಿಕ್ ಅಮಾನ್ಯವಲ್ಲ. ಸ್ಥಳದ ಸೆಟ್ಟಿಂಗಿನಲ್ಲಿ "ಈ ಊರಲ್ಲಿ ಇರುವವರು ಅಥವಾ ಈ ಊರಲ್ಲಿ ಆಸಕ್ತಿ ಇರುವವರು" ಎಂದಿದ್ದರೆ ದೆಹಲಿಯ ಕ್ಲಿಕ್ಕೂ ನಿಯಮದ ಪ್ರಕಾರ ಸರಿಯೇ. ಮೊದಲು ಅದನ್ನು "ಇರುವವರು" ಎಂದಷ್ಟೇ ಬದಲಿಸಿ. ಮೊಬೈಲ್ ಗೇಮ್‌ಗಳಲ್ಲಿ ಜಾಹೀರಾತು ಬೀಳುತ್ತಿದ್ದರೆ ಅದನ್ನೂ ತೆಗೆಸಿ, ಮಕ್ಕಳ ಬೆರಳು ತಗುಲಿದ ಕ್ಲಿಕ್ ಬಹಳಷ್ಟು ಅಲ್ಲಿಂದಲೇ ಬರುತ್ತದೆ.

ಗಡುವು ಮರೆಯಬೇಡಿ. ಶುಲ್ಕದ ತಕರಾರನ್ನು 60 ದಿನದೊಳಗೆ ಎತ್ತದಿದ್ದರೆ ಹಕ್ಕು ಬಿಟ್ಟಂತೆ ಎಂಬ ಷರತ್ತು ಜಾಹೀರಾತು ಒಪ್ಪಂದಗಳಲ್ಲಿ ಇರುತ್ತದೆ. ನಿಮ್ಮ ಒಪ್ಪಂದದಲ್ಲಿ ಎಷ್ಟು ದಿನ ಇದೆ ಎಂದು ಓದಿ. ಹಣ ಮರಳಿಸಲು ಒಪ್ಪಿದರೂ ಸಾಮಾನ್ಯವಾಗಿ ಅದು ಬ್ಯಾಂಕಿಗೆ ಬರುವುದಿಲ್ಲ, ಖಾತೆಯಲ್ಲೇ ಜಮಾ ಆಗುತ್ತದೆ. ಖಾತೆ ಉಳಿಯಬೇಕಾದ ಇನ್ನೊಂದು ಕಾರಣ ಇದು.

ಇನ್ನು ಮೇಲ್ಮನವಿ. ಚಾರ್ಜ್‌ಬ್ಯಾಕ್ ಹಾಕಿಬಿಟ್ಟಿದ್ದರೆ ಮೊದಲು ಬ್ಯಾಂಕಿಗೆ ಬರೆದು ಹಿಂತೆಗೆದುಕೊಳ್ಳಿ, ಬಾಕಿ ತೀರಿಸಿ, ಎರಡರ ರಸೀದಿ ಇಟ್ಟುಕೊಳ್ಳಿ. ಆಮೇಲೆ ಮಾತ್ರ ಅರ್ಜಿ. ಜಿಎಸ್‌ಟಿ ಪ್ರಮಾಣಪತ್ರದ ಹೆಸರು, ಖಾತೆಯ ಪಾವತಿ ವಿವರದ ಹೆಸರು, ಕಾರ್ಡಿನ ಹೆಸರು ಮೂರೂ ಹೊಂದಬೇಕು. ಭಾವನ ಕಾರ್ಡ್ ಹಾಕಿದ್ದರೆ ಮುಚ್ಚಿಡದೆ ಬರೆಯಿರಿ: "ಇಂಥ ದಿನ ಕುಟುಂಬದವರ ಕಾರ್ಡ್ ಅವರ ಒಪ್ಪಿಗೆಯಿಂದ ಸೇರಿಸಿದೆವು, ಒಪ್ಪಿಗೆ ಪತ್ರ ಲಗತ್ತಿಸಿದೆ." ಕಾರ್ಡಿನ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದನ್ನು ಮಸಿ ಬಳಿದು ಕಳಿಸಿ. ಉತ್ತರ ಬರುವ ಮೊದಲು ಅದೇ ಅರ್ಜಿಯನ್ನು ಮತ್ತೆ ಮತ್ತೆ ಹಾಕಬೇಡಿ. ಹೊಸ ಖಾತೆಯನ್ನಂತೂ ಹೆಂಡತಿಯ ಹೆಸರಲ್ಲಿಯೂ ತೆರೆಯಬೇಡಿ.

ಹಣ ಕೊಟ್ಟರೆ ಒಳಗಿನವರಿಂದ ಖಾತೆ ಬಿಡಿಸುತ್ತೇವೆ ಎಂದು ವಾಟ್ಸಾಪ್‌ನಲ್ಲಿ ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಪಾಸ್‌ವರ್ಡ್ ಕೊಡುವುದಂತೂ ಬೇಡವೇ ಬೇಡ. ಈಗಾಗಲೇ ಕೊಟ್ಟು ಮೋಸ ಹೋಗಿದ್ದರೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮೇಲ್ಮನವಿ ತಿರಸ್ಕಾರವಾದರೆ ವೇದಿಕೆಯ ಭಾರತದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳ ಪ್ರಕಾರ ಅವರು ದೂರನ್ನು 24 ಗಂಟೆಯೊಳಗೆ ಸ್ವೀಕರಿಸಿ, 2026ರ ತಿದ್ದುಪಡಿಯಂತೆ 7 ದಿನದೊಳಗೆ ತೀರ್ಮಾನಿಸಬೇಕು. ಅವರ ಉತ್ತರ ಸರಿ ಕಾಣದಿದ್ದರೆ ಅದು ಕೈಸೇರಿದ 30 ದಿನದೊಳಗೆ `gac.gov.in` ನಲ್ಲಿ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗಬಹುದು. ಅಲ್ಲಿಗೆ ಹೋಗುವಾಗ ಕೈಯಲ್ಲಿ ಇರಬೇಕಾದದ್ದು ಅಧಿಕಾರಿಗೆ ಬರೆದ ದೂರಿನ ಪ್ರತಿ, ಅದರ ಸಂಖ್ಯೆ, ಅವರ ಉತ್ತರ. ಗ್ರಾಹಕ ನ್ಯಾಯಾಲಯದ ದಾರಿ ಇಲ್ಲಿ ಅಷ್ಟು ಸುಲಭವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡ ಸರಕಿಗೆ ವಿನಾಯಿತಿ ಇದೆ, ಜಾಹೀರಾತಿನಂಥ ಸೇವೆಗೂ ಅದು ಸಿಗುತ್ತದೆಯೇ ಎಂಬುದು ಖಚಿತವಿಲ್ಲ. ಮನೆಯವರೇ ಹೊಲಿದು ಮಾರುವ ಸಣ್ಣ ಘಟಕದವರು ಅದನ್ನು ವಕೀಲರ ಹತ್ತಿರ ಕೇಳಿ ನೋಡಬಹುದು.